ಉಗ್ರಾಣದ ಪಿಕಿಂಗ್ ಪಟ್ಟಿ ಮತ್ತು ಓಣಿವಾರು ಅನುಕ್ರಮ

ಪಿಕಿಂಗ್ ಪಟ್ಟಿ ಎಂಬುದು ಉಗ್ರಾಣದ ಕೆಲಸಗಾರನೊಬ್ಬ ಒಂದು ಸುತ್ತಿನಲ್ಲಿ ಯಾವ ಯಾವ ಸರಕನ್ನು, ಎಷ್ಟೆಷ್ಟು, ಯಾವ ಜಾಗದಿಂದ ತೆಗೆದು ತರಬೇಕೆಂದು ತಿಳಿಸುವ ಕೆಲಸದ ಪಟ್ಟಿ. ಹೀಗೆ ಸರಕನ್ನು ಆಯ್ದು ತರುವ ಕೆಲಸಕ್ಕೆ ಪಿಕಿಂಗ್ ಎಂದೂ ಅದನ್ನು ಮಾಡುವವರಿಗೆ ಪಿಕರ್ ಎಂದೂ ಹೆಸರು. ಪಟ್ಟಿಯ ಸಾಲುಗಳನ್ನು ಬೇಡಿಕೆ ಬಂದ ಕ್ರಮದಲ್ಲಿ ಬಿಡದೆ, ಉಗ್ರಾಣದ ಓಣಿಗಳನ್ನು ಅನುಸರಿಸಿ ಮರುಜೋಡಿಸುವುದನ್ನು ಓಣಿವಾರು ಅನುಕ್ರಮ ಎನ್ನಬಹುದು. ತರಬೇಕಾದ ಸರಕು ಅಷ್ಟೇ ಇದ್ದರೂ ಕ್ರಮ ಬದಲಾದ ಮಾತ್ರಕ್ಕೆ ನಡೆಯುವ ದೂರ ಅರ್ಧದಷ್ಟಕ್ಕೆ ಇಳಿಯುವುದುಂಟು. ಆದರೆ ಜಾಗದ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದರೆ ಈ ಕೆಲಸ ಮುಗಿಯುವುದಿಲ್ಲ. ವಿಳಾಸದ ಕ್ರಮ ಬೇರೆ, ನಡಿಗೆಯ ಕ್ರಮ ಬೇರೆ.

## ಹಿನ್ನೆಲೆ

ಎಲ್ಲ ಉಗ್ರಾಣಗಳಿಗೂ ಈ ಪ್ರಶ್ನೆ ಬರುವುದಿಲ್ಲ. ಶಿಕಾರಿಪುರ, ಸೊರಬ ತಾಲ್ಲೂಕುಗಳ ರೈತರಿಗೆ ಪರಿಚಿತವಾದ ಗೋದಾಮುಗಳಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆಗಳ ಮೂಟೆಗಳನ್ನು ಅಟ್ಟಿ ಹಾಕಿ ಇಡಲಾಗುತ್ತದೆ. 1957ರಲ್ಲಿ ಸ್ಥಾಪನೆಯಾದ ರಾಜ್ಯ ಉಗ್ರಾಣ ನಿಗಮದ ಗೋದಾಮುಗಳು ಮುಖ್ಯವಾಗಿ ಇಂತಹ ದಾಸ್ತಾನಿಗೆ ಹೊಂದಿಕೊಂಡವು. ಅಲ್ಲಿ ಸರಕಿನ ಬಗೆಗಳು ಕಡಿಮೆ, ಪ್ರತಿಯೊಂದರ ಪ್ರಮಾಣ ಹೆಚ್ಚು. ಒಂದು ಅಟ್ಟಿಯ ಮುಂದೆ ಲಾರಿ ನಿಲ್ಲಿಸಿ ಮೂಟೆಗಳನ್ನು ತುಂಬಿದರೆ ಕೆಲಸ ಮುಗಿಯಿತು. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ತರಬೇಕೆಂದು ಯೋಚಿಸುವ ಅಗತ್ಯ ಅಲ್ಲಿ ಅಷ್ಟಾಗಿ ಇರುವುದಿಲ್ಲ.

ಸರಕಿನ ಬಗೆಗಳು ನೂರಾರು ಇದ್ದು, ಪ್ರತಿ ಬೇಡಿಕೆಗೂ ಒಂದೊಂದರಿಂದ ಸ್ವಲ್ಪಸ್ವಲ್ಪ ತೆಗೆಯಬೇಕಾದಾಗ ಸ್ಥಿತಿ ಬದಲಾಗುತ್ತದೆ. ಬೆಂಗಳೂರಿನ ಸುತ್ತ ನೆಲಮಂಗಲ, ಹೊಸಕೋಟೆ, ಮಾಲೂರುಗಳಲ್ಲಿರುವ ಆನ್‌ಲೈನ್ ವ್ಯಾಪಾರದ ಉಗ್ರಾಣಗಳು, ಔಷಧ ಸಗಟು ವ್ಯಾಪಾರಿಗಳ ದಾಸ್ತಾನು ಮಳಿಗೆಗಳು, ಬಿಡಿಭಾಗಗಳ ಮಳಿಗೆಗಳು ಈ ಬಗೆಯವು. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಜಿಲ್ಲಾ ಔಷಧ ಉಗ್ರಾಣಗಳೂ ಇದೇ ವರ್ಗಕ್ಕೆ ಸೇರುತ್ತವೆ. ಸರ್ಕಾರಿ ಆರೋಗ್ಯ ಸಂಸ್ಥೆಗಳು ತಮಗೆ ಬೇಕಾದ ಔಷಧಗಳ ಇಂಡೆಂಟ್ ಸಲ್ಲಿಸುತ್ತವೆ. ಉಗ್ರಾಣದ ಸಿಬ್ಬಂದಿ ಅದರಂತೆ ಮಾತ್ರೆ, ಚುಚ್ಚುಮದ್ದು, ಗಾಜ್ ಬಟ್ಟೆ, ಸಿರಿಂಜುಗಳನ್ನು ಬೇರೆ ಬೇರೆ ಕಡೆಯಿಂದ ಆಯ್ದು ಒಟ್ಟುಗೂಡಿಸಬೇಕಾಗುತ್ತದೆ.

ಈ ಕೆಲಸದ ತಿರುಳನ್ನು ಹಳ್ಳಿಯ ಕಿರಾಣಿ ಅಂಗಡಿಯಲ್ಲೇ ಕಾಣಬಹುದು. ತೊಗರ್ಸಿಯಂತಹ ಊರಿನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಹದಿನೈದು ಸಾಮಾನಿನ ಚೀಟಿ ಕೊಟ್ಟರೆ, ಅನುಭವಿ ಅಂಗಡಿಯವರು ಚೀಟಿಯ ಕ್ರಮದಲ್ಲಿ ಓಡಾಡುವುದಿಲ್ಲ. ಮೂಟೆಗಳ ಬಳಿ ಹೋದಾಗ ಅಕ್ಕಿ, ಬೇಳೆ, ಸಕ್ಕರೆ ಮೂರನ್ನೂ ತೂಗುತ್ತಾರೆ. ಕಪಾಟಿನ ಬಳಿ ಬಂದಾಗ ಸೋಪು, ಚಹಾಪುಡಿ, ಬೆಂಕಿಪೊಟ್ಟಣಗಳನ್ನು ಒಟ್ಟಿಗೆ ತೆಗೆಯುತ್ತಾರೆ. ಅಂಗಡಿಯ ನಕ್ಷೆ ಅವರ ತಲೆಯಲ್ಲಿರುತ್ತದೆ. ದೊಡ್ಡ ಉಗ್ರಾಣದಲ್ಲಿ ಯಾರ ತಲೆಯಲ್ಲಿಯೂ ಪೂರ್ತಿ ನಕ್ಷೆ ಇರಲಾರದು. ಆದ್ದರಿಂದ ಆ ತಿಳಿವಳಿಕೆಯನ್ನು ಪಟ್ಟಿಯೊಳಗೇ ಸೇರಿಸಬೇಕಾಗುತ್ತದೆ.

## ಪಟ್ಟಿಯಲ್ಲಿ ಇರುವುದೇನು

ಪಟ್ಟಿಯ ಪ್ರತಿ ಸಾಲೂ ಒಂದು ಕೆಲಸ. ಅದರಲ್ಲಿ ಸರಕಿನ ಹೆಸರು, ತೆಗೆಯಬೇಕಾದ ಪ್ರಮಾಣ ಮತ್ತು ಸರಕು ಇರುವ ಜಾಗದ ವಿಳಾಸ ಇರುತ್ತವೆ. ಔಷಧವಾದರೆ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವೂ ಸೇರುತ್ತವೆ.

ವಿಳಾಸವನ್ನು ಅರ್ಥ ಮಾಡಿಕೊಳ್ಳಲು ಉಗ್ರಾಣದ ರಚನೆಯನ್ನು ನೋಡಬೇಕು. ಎರಡು ಸಾಲು ರ‍್ಯಾಕ್‌ಗಳ ನಡುವೆ ನಡೆದಾಡಲು ಬಿಟ್ಟಿರುವ ಹಾದಿಯೇ ಓಣಿ. ರ‍್ಯಾಕಿನ ಎರಡು ಕಂಬಗಳ ನಡುವಿನ ಒಂದು ಭಾಗವನ್ನು, ಹಳೆಯ ಮನೆಗಳನ್ನು ಅಳೆಯುತ್ತಿದ್ದ ಮಾತಿನಲ್ಲಿಯೇ, ಅಂಕಣ ಎನ್ನಬಹುದು. ಓಣಿಗಳ ಎರಡೂ ತುದಿಗಳಲ್ಲಿ ಅವುಗಳನ್ನು ಕೂಡಿಸುವ ಅಡ್ಡದಾರಿಗಳಿರುತ್ತವೆ. ರವಾನೆಯ ಮೇಜಿನ ಕಡೆಗಿರುವುದು ಮುಂದಿನ ಅಡ್ಡದಾರಿ, ಇನ್ನೊಂದು ಹಿಂದಿನ ಅಡ್ಡದಾರಿ. ‘4-3’ ಎಂಬ ವಿಳಾಸಕ್ಕೆ ನಾಲ್ಕನೆಯ ಓಣಿಯ ಮೂರನೆಯ ಅಂಕಣ ಎಂದರ್ಥ. ದೊಡ್ಡ ಉಗ್ರಾಣಗಳಲ್ಲಿ ರ‍್ಯಾಕಿನ ಎಷ್ಟನೆಯ ಹಲಗೆ ಎಂಬ ಸಂಖ್ಯೆಯೂ ಇದರೊಂದಿಗೆ ಬರುತ್ತದೆ. ಹಲಗೆಯಿಂದ ಎತ್ತರ ಬದಲಾಗುತ್ತದೆಯೇ ಹೊರತು ನಡಿಗೆ ಬದಲಾಗುವುದಿಲ್ಲ.

ಕಾಗದದ ಪಟ್ಟಿ ಕೈಯಲ್ಲಿದ್ದಾಗ ಪಿಕರ್ ಅದನ್ನು ಒಮ್ಮೆ ಪೂರ್ತಿ ಓದಿ ತನಗೆ ಅನುಕೂಲವಾದ ಕ್ರಮವನ್ನು ತಾನೇ ಮಾಡಿಕೊಳ್ಳಬಲ್ಲ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಬಳಸುವ ಕಡೆ ಪರದೆಯ ಮೇಲೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕೆಲಸ ಕಾಣುತ್ತದೆ. ಅದನ್ನು ಮುಗಿಸಿ ಸ್ಕ್ಯಾನ್ ಮಾಡಿದ ಮೇಲೆ ಮುಂದಿನದು ಬರುತ್ತದೆ. ಅಂತಹ ಕಡೆ ಕ್ರಮದ ಹೊಣೆ ಪೂರ್ತಿಯಾಗಿ ತಂತ್ರಾಂಶದ್ದು. ಅದರ ಕ್ರಮ ತಪ್ಪಿದ್ದರೆ ಪಿಕರ್‌ನ ಕಾಲುಗಳಿಗೆ ತಿಳಿಯುತ್ತದೆ, ಪರದೆಗೆ ತಿಳಿಯುವುದಿಲ್ಲ.

## ಒಂದು ಮಾದರಿ ಲೆಕ್ಕ

ಅನುಕ್ರಮದ ಪರಿಣಾಮವನ್ನು ತೋರಿಸಲು ಒಂದು ಸಣ್ಣ ಔಷಧ ಉಗ್ರಾಣವನ್ನು ಕಲ್ಪಿಸಿಕೊಳ್ಳಬಹುದು. ಅದರಲ್ಲಿ 6 ಓಣಿಗಳಿವೆ. ಪ್ರತಿ ಓಣಿಯ ಉದ್ದ 22 ಮೀಟರ್. ಅಂಕಣಗಳು 2 ಮೀಟರಿಗೊಂದರಂತೆ ಇವೆ. ಮೊದಲನೆಯ ಅಂಕಣ ಮುಂದಿನ ಅಡ್ಡದಾರಿಯಿಂದ 2 ಮೀಟರ್ ದೂರದಲ್ಲಿದ್ದರೆ ಹತ್ತನೆಯದು 20 ಮೀಟರ್ ದೂರದಲ್ಲಿದೆ. ಒಂದು ಓಣಿಯಿಂದ ಪಕ್ಕದ ಓಣಿಗೆ ಅಡ್ಡದಾರಿಯಲ್ಲಿ 3 ಮೀಟರ್. ರವಾನೆಯ ಮೇಜು ಒಂದನೆಯ ಓಣಿಯ ಮುಂಭಾಗದಲ್ಲಿದೆ. ಪಿಕರ್ ಅಲ್ಲಿಂದ ಹೊರಟು ಅಲ್ಲಿಗೇ ಹಿಂದಿರುಗಬೇಕು.

ಗ್ರಾಮೀಣ ಆರೋಗ್ಯ ಕೇಂದ್ರವೊಂದರಿಂದ ಬಂದ ಇಂಡೆಂಟಿನಲ್ಲಿ 8 ಸಾಲುಗಳು ಈ ಕ್ರಮದಲ್ಲಿವೆ ಎಂದಿಟ್ಟುಕೊಳ್ಳಬಹುದು:

1. ಪ್ಯಾರಾಸಿಟಮಾಲ್ ಮಾತ್ರೆ: 4-3
2. ಓಆರ್‌ಎಸ್ ಪೊಟ್ಟಣ: 1-9
3. ಅಮಾಕ್ಸಿಸಿಲಿನ್: 5-6
4. ಕಬ್ಬಿಣಾಂಶದ ಮಾತ್ರೆ: 2-2
5. ಗಾಜ್ ಬಟ್ಟೆ: 4-10
6. ಮೆಟ್‌ಫಾರ್ಮಿನ್ ಮಾತ್ರೆ: 1-4
7. ಸಿರಿಂಜು: 5-2
8. ಜಿಂಕ್ ಮಾತ್ರೆ: 2-8

### ಬೇಡಿಕೆಯ ಕ್ರಮ

ಈ ಕ್ರಮದಲ್ಲಿಯೇ ಹೊರಟ ಪಿಕರ್ ಮೊದಲು ನಾಲ್ಕನೆಯ ಓಣಿಗೆ ಹೋಗಿ, ಅಲ್ಲಿಂದ ಒಂದನೆಯ ಓಣಿಗೆ ಬಂದು, ಮತ್ತೆ ಐದನೆಯದಕ್ಕೆ ನಡೆಯುತ್ತಾನೆ. ಪ್ರತಿ ಎರಡು ಜಾಗಗಳ ನಡುವೆ ಮುಂದಿನ ಅಥವಾ ಹಿಂದಿನ ಅಡ್ಡದಾರಿಗಳಲ್ಲಿ ಹತ್ತಿರವಾದುದನ್ನೇ ಆರಿಸಿಕೊಂಡರೂ ಒಟ್ಟು ನಡಿಗೆ 218 ಮೀಟರ್ ಆಗುತ್ತದೆ. ನಾಲ್ಕು ಓಣಿಗಳಲ್ಲಿ ಎರಡೆರಡು ಸರಕುಗಳಿದ್ದರೂ ಪ್ರತಿ ಓಣಿಗೂ ಬೇರೆ ಬೇರೆಯಾಗಿ ಎರಡು ಸಲ ಹೋಗಬೇಕಾಗಿ ಬಂದುದೇ ಇದಕ್ಕೆ ಕಾರಣ.

### ವಿಳಾಸದ ಏರಿಕೆ ಕ್ರಮ

ಮೊದಲ ಸುಧಾರಣೆ ಎಂದರೆ ವಿಳಾಸಗಳನ್ನು ಏರಿಕೆಯ ಕ್ರಮದಲ್ಲಿ ಬರೆಯುವುದು: 1-4, 1-9, 2-2, 2-8, 4-3, 4-10, 5-2, 5-6. ಈಗ ಒಂದೊಂದು ಓಣಿಯ ಕೆಲಸ ಒಟ್ಟಿಗೆ ಬಂದಿದೆ. ನಡಿಗೆ 152 ಮೀಟರಿಗೆ ಇಳಿಯುತ್ತದೆ.

ಆದರೆ ಇಲ್ಲೊಂದು ದೋಷವಿದೆ. 1-9ರಲ್ಲಿ ಓಆರ್‌ಎಸ್ ತೆಗೆದಾಗ ಪಿಕರ್ ಓಣಿಯ ಹಿಂತುದಿಯಿಂದ ಕೇವಲ 4 ಮೀಟರ್ ದೂರದಲ್ಲಿದ್ದಾನೆ. ಎರಡನೆಯ ಓಣಿಯ 2-8 ಅಲ್ಲಿಗೆ ಹತ್ತಿರ. ಪಟ್ಟಿಯಾದರೋ ಅವನನ್ನು ಮೊದಲು ಮುಂಭಾಗದ 2-2ಕ್ಕೆ ಕಳುಹಿಸಿ, ಅಲ್ಲಿಂದ ಮತ್ತೆ 2-8ಕ್ಕೆ ತರುತ್ತದೆ. ಪ್ರತಿ ಓಣಿಯನ್ನೂ ಮುಂಭಾಗದಿಂದಲೇ ಪ್ರವೇಶಿಸಬೇಕೆಂದು ಏರಿಕೆ ಕ್ರಮ ಊಹಿಸುತ್ತದೆ. ನಡೆಯುವವನು ಮಾತ್ರ ಓಣಿಯ ಹಿಂತುದಿಯಲ್ಲಿ ನಿಂತಿರುತ್ತಾನೆ.

### ಸರ್ಪಗತಿ

ಹೊಲ ಉಳುವ ರೈತ ಒಂದು ಸಾಲನ್ನು ಮುಗಿಸಿ, ಬದುವಿನಲ್ಲಿ ಎತ್ತುಗಳನ್ನು ತಿರುಗಿಸಿ, ಪಕ್ಕದ ಸಾಲನ್ನು ವಿರುದ್ಧ ದಿಕ್ಕಿನಿಂದ ಹಿಡಿಯುತ್ತಾನೆ. ಮತ್ತೆ ಮೊದಲಿನ ಬದುವಿಗೆ ಬರಿದೇ ನಡೆದು ಬರುವುದಿಲ್ಲ. ಉಗ್ರಾಣದಲ್ಲಿಯೂ ಹೀಗೆಯೇ ಒಂದು ಓಣಿಯನ್ನು ಮುಂದಿನಿಂದ ಹಿಂದಕ್ಕೆ, ಮುಂದಿನ ಓಣಿಯನ್ನು ಹಿಂದಿನಿಂದ ಮುಂದಕ್ಕೆ ದಾಟುವ ಕ್ರಮಕ್ಕೆ ಸರ್ಪಗತಿ ಎನ್ನಬಹುದು. ಸರಕು ತೆಗೆಯಬೇಕಿಲ್ಲದ ಓಣಿಗಳನ್ನು ಪ್ರವೇಶಿಸುವುದೇ ಇಲ್ಲ.

ಮಾದರಿ ಪಟ್ಟಿ ಆಗ ಹೀಗಾಗುತ್ತದೆ: 1-4, 1-9, 2-8, 2-2, 4-3, 4-10, 5-6, 5-2. ಲೆಕ್ಕ ಬಹಳ ಸರಳ. ನಾಲ್ಕು ಓಣಿಗಳನ್ನು ಪೂರ್ತಿಯಾಗಿ ದಾಟಲು 88 ಮೀಟರ್. ಒಂದನೆಯ ಓಣಿಯಿಂದ ಐದನೆಯದರವರೆಗೆ ಅಡ್ಡವಾಗಿ ಸಾಗಲು 12 ಮೀಟರ್, ಹಿಂದಿರುಗಲು 12 ಮೀಟರ್. ಒಟ್ಟು 112 ಮೀಟರ್. ಬೇಡಿಕೆಯ ಕ್ರಮದ 218 ಮೀಟರಿಗೆ ಹೋಲಿಸಿದರೆ ಇದು ಹೆಚ್ಚುಕಡಿಮೆ ಅರ್ಧ.

ಒಂದು ಪಾಳಿಯಲ್ಲಿ ಇಂತಹ 20 ಪಟ್ಟಿಗಳನ್ನು ಮುಗಿಸುವುದಾದರೆ ಉಳಿಯುವ ನಡಿಗೆ 2,120 ಮೀಟರ್. ತಳ್ಳುಗಾಡಿಯೊಂದಿಗೆ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನಡೆಯುವವರಿಗೆ ಇದು ಸುಮಾರು 35 ನಿಮಿಷ. ಔಷಧ ಉಗ್ರಾಣದಲ್ಲಿ ಈ ಸಮಯಕ್ಕೆ ತಕ್ಕ ಕೆಲಸವಿದೆ: ಬ್ಯಾಚ್ ಸಂಖ್ಯೆ, ದಿನಾಂಕ, ಪ್ರಮಾಣಗಳನ್ನು ತಾಳೆ ನೋಡುವುದು. ಅವಸರದಲ್ಲಿ ತಪ್ಪುವುದು ಸಾಮಾನ್ಯವಾಗಿ ಇದೇ ಹಂತ. ಅದು ತಪ್ಪಿದರೆ ಕೊರತೆ ಕಾಣಿಸುವುದು ಉಗ್ರಾಣದಲ್ಲಲ್ಲ, ದೂರದ ಆರೋಗ್ಯ ಕೇಂದ್ರದಲ್ಲಿ.

### ಓಣಿಗಳ ಸಂಖ್ಯೆ ಬೆಸವಾದಾಗ

ಮಾದರಿಯಲ್ಲಿ ಪ್ರವೇಶಿಸಬೇಕಾದ ಓಣಿಗಳು ನಾಲ್ಕು, ಅಂದರೆ ಸಮಸಂಖ್ಯೆ. ಆದ್ದರಿಂದ ಕೊನೆಯ ಓಣಿಯಿಂದ ಹೊರಬಂದಾಗ ಪಿಕರ್ ಮುಂಭಾಗದಲ್ಲಿಯೇ ಇರುತ್ತಾನೆ. ಅವು ಮೂರೋ ಐದೋ ಆಗಿದ್ದರೆ ಕೊನೆಯ ಓಣಿಯನ್ನು ಪೂರ್ತಿ ದಾಟಿ ಹಿಂಭಾಗಕ್ಕೆ ಹೋಗಬಾರದು. ಅಲ್ಲಿಗೆ ಹೋದರೆ ಮೇಜಿಗೆ ಬರಲು ಇನ್ನೊಂದು ಓಣಿಯನ್ನು ಬರಿಗೈಯಲ್ಲಿ ದಾಟಬೇಕು. ಕೊನೆಯ ಓಣಿಯಲ್ಲಿ ಅತ್ಯಂತ ದೂರದ ಸರಕಿನವರೆಗೆ ಮಾತ್ರ ಹೋಗಿ, ಬಂದ ದಾರಿಯಲ್ಲಿಯೇ ಹಿಂದಿರುಗುವುದು ವಾಡಿಕೆ.

## ಪಟ್ಟಿಯನ್ನು ಜೋಡಿಸುವ ವಿಧಾನ

ಸಣ್ಣ ಉಗ್ರಾಣಗಳಲ್ಲಿ ಸ್ಪ್ರೆಡ್‌ಶೀಟ್ ಬಳಸಿಯೇ ಈ ಕ್ರಮವನ್ನು ಪಡೆಯಬಹುದು. `A` ಕಾಲಂನಲ್ಲಿ ಓಣಿಯ ಸಂಖ್ಯೆ, `B` ಕಾಲಂನಲ್ಲಿ ಅಂಕಣದ ಸಂಖ್ಯೆ ಬರೆಯಲಾಗುತ್ತದೆ. `C` ಕಾಲಂನಲ್ಲಿ ಆ ಪಟ್ಟಿಯ ಮಟ್ಟಿಗೆ ಅದು ಪ್ರವೇಶಿಸಬೇಕಾದ ಎಷ್ಟನೆಯ ಓಣಿ ಎಂಬುದನ್ನು ಬರೆಯಬೇಕು. ಮಾದರಿಯಲ್ಲಿ 1, 2, 4, 5ನೆಯ ಓಣಿಗಳಿಗೆ ಕ್ರಮವಾಗಿ 1, 2, 3, 4 ಎಂಬ ಸಂಖ್ಯೆಗಳು ಬರುತ್ತವೆ. `D` ಕಾಲಂನಲ್ಲಿ ಈ ಸೂತ್ರವನ್ನು ಹಾಕಲಾಗುತ್ತದೆ:

```
=IF(MOD(C2,2)=1, C2*100+B2, C2*100+99-B2)
```

ಪ್ರವೇಶದ ಸಂಖ್ಯೆ ಬೆಸವಾಗಿದ್ದರೆ ಅಂಕಣಗಳು ಏರಿಕೆಯಲ್ಲಿಯೂ ಸಮವಾಗಿದ್ದರೆ ಇಳಿಕೆಯಲ್ಲಿಯೂ ಬರುವಂತೆ ಈ ಸೂತ್ರ ಮಾಡುತ್ತದೆ. 1-4ಕ್ಕೆ 104, 1-9ಕ್ಕೆ 109, 2-8ಕ್ಕೆ 291, 2-2ಕ್ಕೆ 297, 4-3ಕ್ಕೆ 303, 4-10ಕ್ಕೆ 310, 5-6ಕ್ಕೆ 493, 5-2ಕ್ಕೆ 497 ದೊರೆಯುತ್ತದೆ. `D` ಕಾಲಂ ಪ್ರಕಾರ ಏರಿಕೆಯಲ್ಲಿ ಜೋಡಿಸಿದರೆ ಸರ್ಪಗತಿಯ ಪಟ್ಟಿ ಸಿದ್ಧವಾಗುತ್ತದೆ. ಓಣಿಯೊಂದರಲ್ಲಿ 99ಕ್ಕಿಂತ ಕಡಿಮೆ ಅಂಕಣಗಳಿರುವವರೆಗೆ ಈ ಸೂತ್ರ ಸಾಕು.

## ಸಾಮಾನ್ಯ ತಪ್ಪುಗಳು

ಅತ್ಯಂತ ಸಾಮಾನ್ಯವಾದ ತಪ್ಪು ಸೂತ್ರದಲ್ಲಿ `C` ಬದಲಿಗೆ `A` ಬಳಸುವುದು. ಅಂದರೆ ಬೆಸಸಂಖ್ಯೆಯ ಓಣಿಗಳಲ್ಲಿ ಯಾವಾಗಲೂ ಹಿಂದಕ್ಕೆ, ಸಮಸಂಖ್ಯೆಯ ಓಣಿಗಳಲ್ಲಿ ಯಾವಾಗಲೂ ಮುಂದಕ್ಕೆ ನಡೆಯಬೇಕೆಂದು ಶಾಶ್ವತವಾಗಿ ನಿಗದಿ ಮಾಡುವುದು. ಎಲ್ಲ ಓಣಿಗಳಲ್ಲೂ ಕೆಲಸವಿರುವ ದಿನ ಇದು ಸರಿಯಾಗಿಯೇ ಇರುತ್ತದೆ. ಮಧ್ಯದ ಓಣಿಯೊಂದು ಬಿಟ್ಟುಹೋದ ಕೂಡಲೇ ಲೆಕ್ಕ ತಪ್ಪುತ್ತದೆ.

ಮಾದರಿ ಪಟ್ಟಿಯಲ್ಲಿ ಮೂರನೆಯ ಓಣಿಯಲ್ಲಿ ಕೆಲಸವಿಲ್ಲ. ಎರಡನೆಯ ಓಣಿಯಿಂದ ಮುಂಭಾಗಕ್ಕೆ ಬಂದ ಪಿಕರ್ ನಾಲ್ಕನೆಯದನ್ನು ಮುಂದಿನಿಂದ ಪ್ರವೇಶಿಸಬೇಕು. ತಪ್ಪು ಸೂತ್ರವಾದರೋ ನಾಲ್ಕು ಸಮಸಂಖ್ಯೆ ಎಂಬ ಕಾರಣಕ್ಕೆ 4-10ನ್ನು ಮೊದಲು, 4-3ನ್ನು ಆಮೇಲೆ ಇಡುತ್ತದೆ. ಐದನೆಯ ಓಣಿಯಲ್ಲಿಯೂ ಕ್ರಮ ತಿರುಗುಮುರುಗಾಗುತ್ತದೆ. ನಡಿಗೆ 112 ಮೀಟರಿನಿಂದ 128 ಮೀಟರಿಗೆ ಏರುತ್ತದೆ. ಪಟ್ಟಿ ನೋಡಲು ಅಚ್ಚುಕಟ್ಟಾಗಿಯೇ ಇರುವುದರಿಂದ ಈ ತಪ್ಪು ಬಹುಕಾಲ ಗಮನಕ್ಕೆ ಬಾರದೆ ಉಳಿಯಬಹುದು. ಅದನ್ನು ಗುರುತಿಸುವ ಲಕ್ಷಣಗಳು ಎರಡು. ಮೊದಲನೆಯದು, ಪಿಕರ್ ತನ್ನ ಪಟ್ಟಿಯಲ್ಲಿ ಮುಂದೆ ಬರಲಿರುವ ಸರಕಿನ ಎದುರಿನಿಂದಲೇ ಅದನ್ನು ತೆಗೆಯದೆ ಹಾದುಹೋಗುವುದು. ಎರಡನೆಯದು, ಆಗಲೇ ಕೆಲಸ ಮುಗಿದ ಓಣಿಯನ್ನು ಮತ್ತೆ ದಾಟಬೇಕಾಗುವುದು.

ಎರಡನೆಯ ತಪ್ಪು ವಿಳಾಸವನ್ನು ಸಂಖ್ಯೆಯಾಗಿ ಅಲ್ಲದೆ ಅಕ್ಷರಗಳಾಗಿ ಜೋಡಿಸುವುದರಿಂದ ಹುಟ್ಟುತ್ತದೆ. ನಿಘಂಟಿನಲ್ಲಿ ಪದಗಳನ್ನು ಜೋಡಿಸುವಂತೆ ಎಡದಿಂದ ಒಂದೊಂದೇ ಅಂಕಿಯನ್ನು ಹೋಲಿಸಿದಾಗ ‘4-10’ ಎಂಬುದು ‘4-3’ಕ್ಕಿಂತ ಮೊದಲು ಬರುತ್ತದೆ, ಏಕೆಂದರೆ 1 ಎಂಬ ಅಂಕಿ 3ಕ್ಕಿಂತ ಮೊದಲಿನದು. ಇದನ್ನು ತಪ್ಪಿಸಲು ವಿಳಾಸಗಳನ್ನು ‘04-03’, ‘04-10’ ಎಂದು ಎರಡಂಕಿಗಳಲ್ಲಿ ಬರೆಯುವುದು ರೂಢಿ. ಒಂಬತ್ತಕ್ಕಿಂತ ಹೆಚ್ಚು ಅಂಕಣಗಳಿರುವ ಓಣಿಗಳಲ್ಲಿ ಮಾತ್ರ ನಡಿಗೆ ಹೆಚ್ಚಾಗುತ್ತಿದ್ದರೆ ಮೊದಲು ಈ ಕಾರಣವನ್ನು ಶಂಕಿಸಬೇಕು.

ಮೂರನೆಯದು ಪಟ್ಟಿಯ ತಪ್ಪಲ್ಲ, ದಾಖಲೆಯ ತಪ್ಪು. ಹೊಸ ದಾಸ್ತಾನು ಬಂದಾಗ ಸರಕನ್ನು ಬೇರೆ ಅಂಕಣಕ್ಕೆ ಸರಿಸಿ, ವಿಳಾಸವನ್ನು ತಿದ್ದದೆ ಬಿಟ್ಟರೆ ಎಷ್ಟೇ ಚೆನ್ನಾದ ಅನುಕ್ರಮವೂ ಪಿಕರ್‌ನನ್ನು ಖಾಲಿ ಹಲಗೆಯ ಮುಂದೆ ನಿಲ್ಲಿಸುತ್ತದೆ. ಅಲ್ಲಿಂದ ಹುಡುಕಾಟ ಆರಂಭವಾಗುತ್ತದೆ. ಒಂದು ಹುಡುಕಾಟದಲ್ಲಿ ಕಳೆಯುವ ಸಮಯ ಹಲವು ಪಟ್ಟಿಗಳಲ್ಲಿ ಉಳಿಸಿದ ಸಮಯವನ್ನು ನುಂಗಬಲ್ಲದು. ಸರಕು ಸಿಗದಿದ್ದಾಗ ಆ ಸಾಲನ್ನು ಗುರುತು ಮಾಡಿ ಸುತ್ತನ್ನು ಮುಂದುವರಿಸುವುದು, ಸಿಗದವುಗಳನ್ನು ಕೊನೆಗೆ ಒಟ್ಟಾಗಿ ವಿಚಾರಿಸುವುದು ಉಚಿತ. ಮಧ್ಯದಲ್ಲೇ ಮೇಜಿಗೆ ಮರಳಿದರೆ ಸುತ್ತು ಮುರಿಯುತ್ತದೆ.

## ಇನ್ನೂ ಕಿರಿದಾದ ದಾರಿ

ಸರ್ಪಗತಿಯ ದಾರಿ ಯಾವಾಗಲೂ ಅತ್ಯಂತ ಕಿರಿದಾದದ್ದಲ್ಲ. ಓಣಿಯ ಎರಡು ತುದಿಗಳಲ್ಲಿ ಮಾತ್ರ ಸರಕಿದ್ದು ನಡುವೆ ಏನೂ ಇಲ್ಲದಿದ್ದರೆ ಆ ನಡುವಿನ ಭಾಗವನ್ನು ದಾಟುವುದೇ ವ್ಯರ್ಥ. ಅಂತಹ ದೊಡ್ಡ ಅಂತರವನ್ನು ದಾಟದೆ, ಹಿಂಭಾಗದ ಸರಕನ್ನು ಹಿಂದಿನಿಂದಲೂ ಮುಂಭಾಗದ ಸರಕನ್ನು ಮುಂದಿನಿಂದಲೂ ತೆಗೆದುಕೊಳ್ಳುವ ವಿಧಾನವೊಂದಿದೆ. ಅದನ್ನು ದೊಡ್ಡ ಅಂತರದ ವಿಧಾನ ಎಂದು ಕರೆಯಬಹುದು.

ಮಾದರಿ ಪಟ್ಟಿಗೆ ಇದನ್ನು ಅನ್ವಯಿಸಿದರೆ ಪಿಕರ್ ಒಂದನೆಯ ಓಣಿಯನ್ನು ಪೂರ್ತಿ ದಾಟಿ ಹಿಂದಿನ ಅಡ್ಡದಾರಿಗೆ ಬರುತ್ತಾನೆ. ಅಲ್ಲಿಂದ ಎರಡನೆಯ ಓಣಿಯೊಳಗೆ 2-8ರವರೆಗೆ ಹೋಗಿ ಹಿಂದಿರುಗುತ್ತಾನೆ. ನಾಲ್ಕನೆಯ ಓಣಿಯಲ್ಲಿ 4-10ರವರೆಗೆ ಮಾತ್ರ ಹೋಗಿ ಮತ್ತೆ ಹಿಂದಿರುಗುತ್ತಾನೆ. ಐದನೆಯ ಓಣಿಯನ್ನು 5-6, 5-2 ಎಂದು ಪೂರ್ತಿ ದಾಟಿ ಮುಂಭಾಗಕ್ಕೆ ಬರುತ್ತಾನೆ. ಮೇಜಿಗೆ ಮರಳುವಾಗ 4-3 ಮತ್ತು 2-2ನ್ನು ಮುಂದಿನಿಂದ ತೆಗೆದುಕೊಳ್ಳುತ್ತಾನೆ. ಒಟ್ಟು ನಡಿಗೆ 104 ಮೀಟರ್. ನಾಲ್ಕೂ ಕ್ರಮಗಳನ್ನು ಒಟ್ಟಿಗೆ ನೋಡಿದರೆ:

| ಪಟ್ಟಿಯ ಕ್ರಮ | ನಡಿಗೆ |
|---|---|
| ಬೇಡಿಕೆ ಬಂದಂತೆ | 218 ಮೀಟರ್ |
| ವಿಳಾಸದ ಏರಿಕೆ | 152 ಮೀಟರ್ |
| ಸರ್ಪಗತಿ | 112 ಮೀಟರ್ |
| ದೊಡ್ಡ ಅಂತರದ ವಿಧಾನ | 104 ಮೀಟರ್ |

ಕೊನೆಯ 8 ಮೀಟರ್ ಉಳಿತಾಯಕ್ಕೆ ಬೆಲೆಯಿದೆ. ಪಿಕರ್ ತುಂಬಿದ ತಳ್ಳುಗಾಡಿಯನ್ನು ಇಕ್ಕಟ್ಟಾದ ಓಣಿಯೊಳಗೆ ನಾಲ್ಕು ಸಲ ಹಿಂದಕ್ಕೆ ತಿರುಗಿಸಬೇಕು. ಒಂದೇ ಓಣಿಯ ಎರಡು ಸಾಲುಗಳು ಪಟ್ಟಿಯ ಬೇರೆ ಬೇರೆ ಕಡೆ ಇರುವುದರಿಂದ ಒಂದನ್ನು ಮರೆತರೆ ತಿಳಿಯುವುದೂ ಕಷ್ಟ. ಹಲವರು ಒಂದೇ ಸಮಯದಲ್ಲಿ ಕೆಲಸ ಮಾಡುವಲ್ಲಿ ಎದುರುಬದುರಾಗಿ ದಾರಿ ಕಟ್ಟಿಕೊಳ್ಳುತ್ತದೆ. ತಳ್ಳುಗಾಡಿಯನ್ನು ಅಡ್ಡದಾರಿಯಲ್ಲಿಯೇ ನಿಲ್ಲಿಸಿ ಕೈಯಲ್ಲಿ ತರಬಹುದಾದ ಹಗುರ ಸರಕಿಗೆ ಈ ವಿಧಾನ ಒಪ್ಪುತ್ತದೆ. ಪ್ರತಿ ಓಣಿಯಲ್ಲಿಯೂ ಹಲವು ಸರಕುಗಳಿರುವ ಪಟ್ಟಿಗೆ ಸರ್ಪಗತಿಯೇ ಸಾಕು, ಏಕೆಂದರೆ ಆಗ ದೊಡ್ಡ ಅಂತರಗಳೇ ಉಳಿಯುವುದಿಲ್ಲ.

ಹಲವು ಜಾಗಗಳಿಗೆ ಹೋಗಿ ಹೊರಟಲ್ಲಿಗೇ ಮರಳುವ ಅತಿ ಕಿರಿದಾದ ದಾರಿಯನ್ನು ಕಂಡುಹಿಡಿಯುವುದು ಗಣಿತದಲ್ಲಿ ಸಂಚಾರಿ ವ್ಯಾಪಾರಿಯ ಸಮಸ್ಯೆ ಎಂದು ಹೆಸರಾಗಿದೆ. ಸಾಮಾನ್ಯ ರೂಪದಲ್ಲಿ ಅದು ಬಹಳ ಕಠಿಣವಾದದ್ದು. 8 ಜಾಗಗಳನ್ನೇ 40,320 ಬೇರೆ ಬೇರೆ ಕ್ರಮಗಳಲ್ಲಿ ಜೋಡಿಸಬಹುದು. ಆದರೆ ಸಮಾನಾಂತರ ಓಣಿಗಳೂ ಎರಡು ಅಡ್ಡದಾರಿಗಳೂ ಇರುವ ಆಯತಾಕಾರದ ಉಗ್ರಾಣದಲ್ಲಿ ಈ ಸಮಸ್ಯೆ ಸುಲಭವಾಗುತ್ತದೆ ಎಂದು ಡೊನಾಲ್ಡ್ ರ‍್ಯಾಟ್ಲಿಫ್ ಮತ್ತು ಆರ್ನಾನ್ ರೋಸೆಂತಾಲ್ 1983ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಓಣಿಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಸೇರಿಸುತ್ತ ಹೋದರೆ ಪ್ರತಿ ಹಂತದಲ್ಲಿಯೂ ಪರಿಶೀಲಿಸಬೇಕಾದ ಸಾಧ್ಯತೆಗಳು ಬೆರಳೆಣಿಕೆಯಷ್ಟೇ ಇರುತ್ತವೆ. ಆದ್ದರಿಂದ ಲೆಕ್ಕದ ಶ್ರಮ ಓಣಿಗಳ ಸಂಖ್ಯೆಗೆ ಅನುಗುಣವಾಗಿ ಮಾತ್ರ ಬೆಳೆಯುತ್ತದೆ.

## ಹಲವು ಪಟ್ಟಿಗಳ ಜೋಡಣೆ

ಸರ್ಪಗತಿಯಲ್ಲಿ ಓಣಿಯೊಂದನ್ನು ದಾಟುವ ದೂರ ಅಲ್ಲಿ ಒಂದು ಸರಕು ತೆಗೆದರೂ ಐದು ತೆಗೆದರೂ ಒಂದೇ. ಆದ್ದರಿಂದ ಎರಡು ಆರೋಗ್ಯ ಕೇಂದ್ರಗಳ ಪಟ್ಟಿಗಳಲ್ಲಿ ಅವೇ ಓಣಿಗಳಿದ್ದರೆ ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸಬಹುದು. ಮಾದರಿ ಉಗ್ರಾಣದಲ್ಲಿ ಬೇರೆ ಬೇರೆಯಾಗಿ 224 ಮೀಟರ್ ಆಗುವ ನಡಿಗೆ ಆಗ 112 ಮೀಟರಿನಲ್ಲಿಯೇ ಮುಗಿಯುತ್ತದೆ.

ಇದಕ್ಕೆ ತಳ್ಳುಗಾಡಿಯ ಮೇಲೆ ಪ್ರತಿ ಕೇಂದ್ರಕ್ಕೂ ಹೆಸರು ಬರೆದ ಬೇರೆ ಕ್ರೇಟ್ ಇರಬೇಕು. ತೆಗೆದ ಸರಕನ್ನು ರ‍್ಯಾಕಿನ ಎದುರಿನಲ್ಲಿಯೇ ಆಯಾ ಕ್ರೇಟಿಗೆ ಹಾಕಬೇಕು. ಎಲ್ಲವನ್ನೂ ಒಟ್ಟಿಗೆ ತಂದು ಮೇಜಿನ ಮೇಲೆ ಬೇರ್ಪಡಿಸುವ ಪದ್ಧತಿಯೂ ಉಂಟು. ಅಲ್ಲಿ ಬೇರ್ಪಡಿಸುವ ಕೆಲಸವೊಂದು ಹೆಚ್ಚಾಗುತ್ತದೆ. ಒಂದು ಕೇಂದ್ರದ ಔಷಧ ಇನ್ನೊಂದಕ್ಕೆ ಸೇರಿಹೋದರೆ ಒಂದೇ ತಪ್ಪಿನಿಂದ ಎರಡು ಕಡೆ ಲೆಕ್ಕ ಕೆಡುತ್ತದೆ. ಕ್ರೇಟುಗಳು ಹೆಚ್ಚಿದಂತೆ ಈ ಅಪಾಯವೂ ಹೆಚ್ಚುವುದರಿಂದ ಎಷ್ಟು ಪಟ್ಟಿಗಳನ್ನು ಕೂಡಿಸಬೇಕೆಂಬುದನ್ನು ಗಾಡಿಯ ಜಾಗದ ಜೊತೆಗೆ ತಪ್ಪಿನ ಪ್ರಮಾಣವನ್ನೂ ನೋಡಿ ನಿರ್ಧರಿಸಲಾಗುತ್ತದೆ.

## ಮಿತಿಗಳು

ನಡಿಗೆಯ ದೂರಕ್ಕಿಂತ ಮಿಗಿಲಾದ ನಿಯಮಗಳು ಕೆಲವಿವೆ. ಅವುಗಳ ಮುಂದೆ ಅನುಕ್ರಮ ತಲೆಬಾಗಬೇಕಾಗುತ್ತದೆ.

ಔಷಧಗಳಲ್ಲಿ ಅವಧಿ ಮೊದಲು ಮುಗಿಯುವುದನ್ನು ಮೊದಲು ಕಳುಹಿಸಬೇಕೆಂಬುದು ಮುಖ್ಯ ನಿಯಮ. ಒಂದೇ ಮಾತ್ರೆಯ ಎರಡು ಬ್ಯಾಚುಗಳು 1-4ರಲ್ಲಿಯೂ 6-9ರಲ್ಲಿಯೂ ಇದ್ದು, ದೂರದ 6-9ರಲ್ಲಿರುವುದರ ಅವಧಿ ಮೊದಲು ಮುಗಿಯುವುದಾದರೆ ಅಲ್ಲಿಗೇ ಹೋಗಬೇಕು. ಹತ್ತಿರದ ಬ್ಯಾಚನ್ನೇ ತೆಗೆಯುತ್ತ ಹೋದರೆ ನಡಿಗೆ ಉಳಿಯುತ್ತದೆ, ಆದರೆ ದೂರದ ದಾಸ್ತಾನು ಅವಧಿ ಮೀರಿ ನಾಶವಾಗುತ್ತದೆ. ಪಟ್ಟಿಯಲ್ಲಿ ಬ್ಯಾಚಿನ ಆಯ್ಕೆ ಮೊದಲು, ಅನುಕ್ರಮ ಆಮೇಲೆ ನಡೆಯಬೇಕಾದುದು ಇದರಿಂದಲೇ. ಅವಧಿ ಮುಗಿಯುವ ದಿನಾಂಕ ಹತ್ತಿರವಾದ ಬ್ಯಾಚುಗಳು ಯಾವಾಗಲೂ ಹಿಂದಿನ ಓಣಿಗಳಲ್ಲೇ ಸಿಗುತ್ತಿದ್ದರೆ ಪಿಕರ್‌ಗಳು ನಿಯಮ ಮೀರಿ ಹತ್ತಿರದ್ದನ್ನು ತೆಗೆಯುತ್ತಿರಬಹುದೆಂದು ಊಹಿಸಲು ಅವಕಾಶವಿದೆ.

ತೂಕದ ನಿಯಮ ಇನ್ನೊಂದು. ಸಲೈನ್ ಬಾಟಲಿಗಳ ಪೆಟ್ಟಿಗೆಯನ್ನು ಮಾತ್ರೆಗಳ ಪೊಟ್ಟಣಗಳ ಮೇಲೆ ಇಡಲಾಗದು. ಭಾರವಾದ ಸರಕುಗಳಿಗೆ ಸುತ್ತಿನ ಆರಂಭದ ಓಣಿಗಳಲ್ಲಿಯೇ ಜಾಗ ಕೊಟ್ಟರೆ ಅವು ತಾವಾಗಿಯೇ ಗಾಡಿಯ ತಳಕ್ಕೆ ಸೇರುತ್ತವೆ, ಪಟ್ಟಿಯ ಕ್ರಮವನ್ನು ಮುರಿಯುವ ಅಗತ್ಯ ಬೀಳುವುದಿಲ್ಲ. ಆದರೆ ಭಾರವನ್ನು ಸುತ್ತಿನ ಉದ್ದಕ್ಕೂ ತಳ್ಳಬೇಕಾಗುವುದರಿಂದ, ಬಹಳ ಭಾರದ ಪೆಟ್ಟಿಗೆಗಳನ್ನು ಪ್ರತ್ಯೇಕ ಸುತ್ತಿನಲ್ಲಿ ತರುವುದೂ ಇದೆ.

ಮೂರನೆಯದು ತಂಪಿನ ಸರಕು. ರೇಬೀಸ್ ಲಸಿಕೆ, ಇನ್ಸುಲಿನ್ ಮೊದಲಾದವುಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಶೀತಕೋಣೆ ಒಂದನೆಯ ಓಣಿಯ ಪಕ್ಕದಲ್ಲಿಯೇ ಇದ್ದರೂ ಅವನ್ನು ಸುತ್ತಿನ ಆರಂಭದಲ್ಲಿ ತೆಗೆಯುವಂತಿಲ್ಲ. ಉಳಿದೆಲ್ಲವೂ ಸಿದ್ಧವಾಗಿ ವಾಹನ ಬಂದ ಮೇಲೆ ಮಂಜುಗಡ್ಡೆಯ ಪ್ಯಾಕುಗಳಿರುವ ಪೆಟ್ಟಿಗೆಗೆ ನೇರವಾಗಿ ಸೇರಿಸಬೇಕು. ಇದಕ್ಕಾಗಿ ನಡೆಯುವ ಹೆಚ್ಚಿನ ದೂರವನ್ನು ಉಳಿಸಲು ಯತ್ನಿಸಬಾರದು.

ಹಾಗೆಯೇ, ಅನುಕ್ರಮದಿಂದ ಕಡಿಮೆಯಾಗುವುದು ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯುವ ಸಮಯ ಮಾತ್ರ. ಹಲಗೆಯಿಂದ ತೆಗೆಯುವುದು, ಎಣಿಸುವುದು, ತಾಳೆ ನೋಡುವುದು, ಕಟ್ಟುವುದು ಇವುಗಳಿಗೆ ಬೇಕಾದ ಸಮಯ ಮೊದಲಿನಷ್ಟೇ ಉಳಿಯುತ್ತದೆ. ನಡಿಗೆ ಅರ್ಧಕ್ಕೆ ಇಳಿಯಿತೆಂದು ಪಾಳಿಯೊಂದರಲ್ಲಿ ಪಟ್ಟಿಗಳನ್ನು ಇಮ್ಮಡಿಗೊಳಿಸಲಾಗದು. ಹಾಗೆ ನಿರೀಕ್ಷಿಸಿದಲ್ಲಿ ಪಿಕರ್ ಸಮಯವನ್ನು ಹೊಂದಿಸುವುದು ತಾಳೆ ನೋಡುವ ಹಂತದಿಂದಲೇ.